ಬಡ್ಡಿ ಯಾವುದರ ಮೇಲೆ?

ಅಕ್ಕಂದಿರೇ, ಹೊರಗಿನಿಂದ ಸಾಲ ಕೊಡಲು ಬಂದವರು ಮೊದಲು ಬಾಯಿಬಿಡುವುದೇ ಬಡ್ಡಿಯ ಲೆಕ್ಕದಿಂದ. ‘ತಿಂಗಳಿಗೆ ನೂರಕ್ಕೆ ಒಂದೇ ರೂಪಾಯಿ ಕಣಮ್ಮ’ ಅಂತಾರೆ. ನಿಮ್ಮ ಸಂಘದಲ್ಲಿ ನೂರಕ್ಕೆ ಎರಡು ರೂಪಾಯಿ. ಕೇಳಿದ ಕೂಡಲೇ ಸಂಘದ ಸಾಲವೇ ದುಬಾರಿ ಅನ್ನಿಸುತ್ತದೆ. ಆತುರ ಬೇಡ, ಮೊದಲು ಒಂದು ಪ್ರಶ್ನೆ ಕೇಳಿ: ಬಡ್ಡಿ ಯಾವುದರ ಮೇಲೆ? ಮೊದಲು ಕೊಟ್ಟ ಸಾಲದ ಮೇಲೋ, ಇನ್ನೂ ಉಳಿದಿರುವ ಅಸಲಿನ ಮೇಲೋ?

ಹನ್ನೆರಡು ಸಾವಿರದ ಒಂದು ಸಾಲ ಇಟ್ಟುಕೊಂಡು ನೋಡೋಣ. ಹನ್ನೆರಡು ತಿಂಗಳ ಕಂತು.

ಹೊರಗಿನವರದ್ದು ನೂರಕ್ಕೆ ಒಂದು. ತಿಂಗಳಿಗೆ 120 ರೂಪಾಯಿ, ವರ್ಷಕ್ಕೆ 1,440. ಅಸಲು ಸೇರಿಸಿ 13,440. ಹನ್ನೆರಡರಿಂದ ಭಾಗಿಸಿದರೆ ಕಂತು 1,120. ಈಗ ಹನ್ನೆರಡನೇ ತಿಂಗಳನ್ನು ಗಮನಿಸಿ. ಅಷ್ಟು ಹೊತ್ತಿಗೆ ಹನ್ನೊಂದು ಸಾವಿರ ಅಸಲು ಕಟ್ಟಿ ಮುಗಿದಿರುತ್ತದೆ, ನಿಮ್ಮ ಕೈಯಲ್ಲಿ ಉಳಿದಿರುವುದು ಅವರ ಒಂದು ಸಾವಿರ ಮಾತ್ರ. ಬಡ್ಡಿ ಮಾತ್ರ ಹನ್ನೆರಡು ಸಾವಿರದ್ದೇ, ಅದೇ 120.

ಸಂಘದ್ದು ನೂರಕ್ಕೆ ಎರಡು, ಆದರೆ ಉಳಿದ ಅಸಲಿನ ಮೇಲೆ. ಮೊದಲ ತಿಂಗಳು ಹನ್ನೆರಡು ಸಾವಿರಕ್ಕೆ 240. ಒಂದು ಸಾವಿರ ಅಸಲು ಕಟ್ಟಿದಿರಿ, ಉಳಿದದ್ದು ಹನ್ನೊಂದು ಸಾವಿರ. ಎರಡನೇ ತಿಂಗಳು 220. ಮೂರನೆಯದು 200. ಹೀಗೆ ಇಳಿಯುತ್ತಾ ಕೊನೆಯ ತಿಂಗಳ ಬಡ್ಡಿ 20 ರೂಪಾಯಿ. ಎಲ್ಲ ಕೂಡಿಸಿದರೆ 1,560.

ಅಲ್ಲಿ 1,440, ಇಲ್ಲಿ 1,560. ಒಂದು, ಎರಡು ಅಂತ ಕೇಳಿದಾಗ ಅರ್ಧಕ್ಕರ್ಧ ವ್ಯತ್ಯಾಸ ಇದ್ದ ಹಾಗಿತ್ತು. ಲೆಕ್ಕ ಹಾಕಿದರೆ ವರ್ಷಕ್ಕೆ 120 ರೂಪಾಯಿ. ಇನ್ನು ಹೊರಗಿನವರು ಸಾಲ ಕೊಡುವಾಗಲೇ ಫೀಸು, ಫಾರಂ ಖರ್ಚು ಅಂತ 500 ಹಿಡಿದುಕೊಂಡರೋ, ಕೈಗೆ ಬಂದದ್ದು 11,500, ಕಟ್ಟುವುದು ಅದೇ 13,440. ಖರ್ಚು 1,940ಕ್ಕೆ ಏರಿತು. ‘ಒಂದು ರೂಪಾಯಿ’ಯ ಸಾಲವೇ ಈಗ ದುಬಾರಿ. ಇನ್ನೊಂದು ಮಾತು: ಸಂಘಕ್ಕೆ ಕಟ್ಟಿದ 1,560 ಊರು ಬಿಟ್ಟು ಹೋಗುವುದಿಲ್ಲ. ಹದಿನೈದು ಜನರ ಸಂಘವಾದರೆ ತಲಾ 104 ರೂಪಾಯಿ ನಿಮ್ಮದೇ ಗಂಟಿಗೆ ಸೇರುತ್ತದೆ, ಸಾಲ ಪಡೆದವಳದ್ದೂ ಸೇರಿ.

ರಿಸರ್ವ್ ಬ್ಯಾಂಕಿನ ನಿಯಮದಂತೆ ಕಿರುಸಾಲ ಕೊಡುವ ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಸಾಲದ ಕಾರ್ಡು ಕೊಡಬೇಕು. ಫೀಸು ಗೀಸು ಎಲ್ಲ ಸೇರಿ ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತದೆ ಅನ್ನುವುದನ್ನೂ ತಿಳಿಸಬೇಕು. ಮೇಲಿನ ‘ಒಂದು ರೂಪಾಯಿ’ ಸಾಲವನ್ನು ಹಾಗೆ ಲೆಕ್ಕ ಹಾಕಿದರೆ ವರ್ಷಕ್ಕೆ 12 ಬರುವುದಿಲ್ಲ, 21 ದಾಟುತ್ತದೆ. 500 ಹಿಡಿದದ್ದೂ ಸೇರಿದರೆ 30ರ ಹತ್ತಿರ. ಸಹಿ ಹಾಕುವ ಮುಂಚೆ ಆ ಒಂದು ಅಂಕಿಯನ್ನು ಬೆರಳಿಟ್ಟು ತೋರಿಸಿ ಅನ್ನಿ. ಕಾರ್ಡೇ ಕೊಡದ ಖಾಸಗಿ ಲೇವಾದೇವಿಯಾದರೆ ಮತ್ತದೇ ಪ್ರಶ್ನೆ: ಬಡ್ಡಿ ಯಾವುದರ ಮೇಲೆ?

ಇದೇ ಪ್ರಶ್ನೆಯನ್ನು ನಿಮ್ಮ ಸಂಘದ ಪುಸ್ತಕಕ್ಕೂ ಕೇಳಬೇಕು. ಠರಾವಿನಲ್ಲಿ ‘ಉಳಿದ ಅಸಲಿನ ಮೇಲೆ’ ಅಂತ ಬರೆದುಕೊಂಡು, ವಸೂಲಿಯಲ್ಲಿ ಎಲ್ಲ ತಿಂಗಳೂ 240 ಹಿಡಿಯುವ ಸಂಘಗಳಿರಬಹುದು. ಮೋಸವೇ ಆಗಬೇಕೆಂದಿಲ್ಲ, ಸಾಮಾನ್ಯವಾಗಿ ಬರೆಯುವ ರೀತಿಯಲ್ಲಿ ಎಡವಟ್ಟು. ಕಟ್ಟಿದ್ದು 1,240 ಅಂತ ಒಂದೇ ಮನೆಯಲ್ಲಿ ಬರೆದರೆ ಅದರಲ್ಲಿ ಅಸಲೆಷ್ಟು, ಬಡ್ಡಿ ಎಷ್ಟು ಅಂತ ಮುಂದಿನ ತಿಂಗಳು ಯಾರಿಗೆ ಗೊತ್ತು? ಪಾಸ್ ಪುಸ್ತಕದಲ್ಲಿ ಸಾಲಕ್ಕೆ ಮೂರು ಮನೆ ಬೇಕೇ ಬೇಕು: ಬಡ್ಡಿ, ಅಸಲು, ಉಳಿದ ಅಸಲು. ಉಳಿತಾಯದ ಮನೆ ಬೇರೆಯೇ ಇರಲಿ. ವಾರಕ್ಕೆ ಕಟ್ಟುವ 50 ರೂಪಾಯಿಯನ್ನು ಸಾಲಕ್ಕೆ ಮುರಿದುಕೊಂಡರೆ ಉಳಿತಾಯವೂ ನಿಂತಿತು, ಸಾಲ ಎಷ್ಟು ತೀರಿತು ಅನ್ನುವುದೂ ಮಸುಕಾಯಿತು.

ಕಂತು ಪೂರ್ತಿ ಬರದ ತಿಂಗಳೂ ಇರುತ್ತದೆ. ಮೊದಲ ಕಂತಿಗೆ 500 ಮಾತ್ರ ತಂದಳು ಅನ್ನಿ. ಮೊದಲು ಬಡ್ಡಿಗೆ 240, ಮಿಕ್ಕ 260 ಅಸಲಿಗೆ. ಉಳಿದ ಅಸಲು 11,740. ಮುಂದಿನ ತಿಂಗಳ ಬಡ್ಡಿ ಈ 11,740ರ ಮೇಲೆ, ಸುಮಾರು 235 ರೂಪಾಯಿ. ‘ಅರ್ಧ ಕಂತು ಬಂತು’ ಅಂತ ಬರೆದು ಬಿಟ್ಟರೆ ಲೆಕ್ಕ ಅಲ್ಲಿಗೇ ಕೆಟ್ಟಿತು. ಓದು ಬರಹ ಬರದವರೂ ಒಂದು ಗುರುತು ಹಿಡಿಯಬಹುದು: ಕೊನೆಯ ಮನೆಯ ಅಂಕಿ ಹೋದ ತಿಂಗಳಿಗಿಂತ ಕಡಿಮೆಯಾಗಿದೆಯೋ ಇಲ್ಲವೋ ಮಗಳನ್ನು ಕೇಳಿ. ನಾಲ್ಕು ತಿಂಗಳು ಅಸಲು ಕಟ್ಟಿಯೂ ಇಳಿದಿಲ್ಲವೆಂದರೆ ಸಭೆಯಲ್ಲೇ ಪುಸ್ತಕ ತೆರೆಸಿ.

ಇನ್ನು ನಮ್ಮ ಕಡೆಯ ಮಳೆಗಾಲದ ಮಾತು. ಜೂನ್ ಬಂತೆಂದರೆ ಮಕ್ಕಳ ಪುಸ್ತಕ, ಸಮವಸ್ತ್ರ, ಹಂಚು ಕೈಯಾಡಿಸುವ ಖರ್ಚು ಒಟ್ಟಿಗೇ ಬರುತ್ತವೆ. ಆರಿದ್ರಾ ಮಳೆ ಹಿಡಿದ ಮೇಲೆ ನಾಟಿಯ ನಾಲ್ಕು ದಿನ ಬಿಟ್ಟರೆ ಕೂಲಿ ಅಷ್ಟಕ್ಕಷ್ಟೆ. ಕೈಯಲ್ಲಿ ದುಡ್ಡು ಓಡಾಡುವುದು ಅಡಿಕೆಯ ಕೊನೆಕೊಯ್ಲು ಶುರುವಾಗಿ, ಸುಲಿಯಲು ಮೆಟ್ಟುಗತ್ತಿ ಮುಂದೆ ಕುಳಿತ ಮೇಲೆ. ಜೂನ್‌ನಲ್ಲಿ ಸಾಲ ಪಡೆದವಳಿಗೆ ಜುಲೈನಿಂದಲೇ ಸಾವಿರದ ಕಂತು ಹಾಕಿದರೆ ಅವಳು ಆ ಕಂತಿಗಾಗಿ ಇನ್ನೊಂದು ಕಡೆ ಕೈಸಾಲ ಮಾಡುತ್ತಾಳೆ. ಸಂಘದ ಪುಸ್ತಕದಲ್ಲಿ ಕಂತು ಸರಿಯಾಗಿ ಬಂದಿರುತ್ತದೆ, ಮನೆಯಲ್ಲಿ ಸಾಲ ಎರಡಾಗಿರುತ್ತದೆ.

ಕಂತನ್ನು ಕೂಲಿಗೆ ಹೊಂದಿಸಿ. ಜುಲೈನಿಂದ ಅಕ್ಟೋಬರ್ ತನಕ ಬಡ್ಡಿ ಮಾತ್ರ, ತಿಂಗಳಿಗೆ 240. ನವೆಂಬರ್‌ನಿಂದ ಫೆಬ್ರವರಿ ತನಕ ಮೂರು ಮೂರು ಸಾವಿರ ಅಸಲು, ಜೊತೆಗೆ ಬಡ್ಡಿ 240, 180, 120, 60. ಒಟ್ಟು ಬಡ್ಡಿ ನೋಡಿ: ಮಳೆಗಾಲದ್ದು 960, ಸುಗ್ಗಿಯದ್ದು 600, ಕೂಡಿದರೆ 1,560. ಹನ್ನೆರಡು ಸಮಕಂತಿನಲ್ಲಿ ಬಂದ ಬಡ್ಡಿಯೇ ಇಲ್ಲೂ ಬಂತು, ಎಂಟೇ ತಿಂಗಳಲ್ಲಿ ಸಾಲವೂ ತೀರಿತು. ಸಂಘಕ್ಕೆ ಒಂದು ರೂಪಾಯಿ ಖೋತಾ ಇಲ್ಲ. ಬಡ್ಡಿ ಉಳಿದ ಅಸಲಿನ ಮೇಲೆ ಇದ್ದುದರಿಂದಲೇ ಇಷ್ಟು ಸಲೀಸಾಗಿ ಕಂತು ಹಿಂದೆ ಮುಂದೆ ಮಾಡಲು ಬಂತು.

ಈ ಏರ್ಪಾಡನ್ನು ಸಾಲ ಕೊಡುವ ದಿನವೇ, ಯಾವ ತಿಂಗಳು ಎಷ್ಟು ಅನ್ನುವುದರ ಸಮೇತ, ಠರಾವು ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಆಗಸ್ಟ್‌ನಲ್ಲಿ ಕಂತು ತಪ್ಪಿದ ಮೇಲೆ ‘ಸುಗ್ಗಿಗೆ ಕಟ್ಟುತ್ತೇನೆ’ ಅಂದರೆ ಅದು ರಿಯಾಯಿತಿ, ಒಬ್ಬಳಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ.

ಹಾಗಂತ ಸಂಘದವರೆಲ್ಲ ಸುಗ್ಗಿ ಕಂತಿಗೆ ಹೋಗುವ ಹಾಗಿಲ್ಲ. ಬ್ಯಾಂಕಿನಿಂದ ಸಂಘದ ಹೆಸರಲ್ಲಿ ಸಾಲ ಇದ್ದರೆ ಬ್ಯಾಂಕು ಮಳೆ ನೋಡುವುದಿಲ್ಲ. ಅದರ ಕಂತು ತಿಂಗಳಿಗೆ 5,000 ಅಂತಿಟ್ಟುಕೊಳ್ಳಿ. ಹದಿನೈದು ಜನ ವಾರಕ್ಕೆ 50ರಂತೆ ಕಟ್ಟಿದರೆ ನಾಲ್ಕು ವಾರಕ್ಕೆ 3,000 ಬರುತ್ತದೆ. ಇನ್ನೂ 2,000 ಬೇಕು. ಸಾವಿರದ ಅಸಲು ಕಟ್ಟುವ ಇಬ್ಬರಾದರೂ ಮಳೆಗಾಲದಲ್ಲಿ ಇರಬೇಕು, ಒಬ್ಬಳು ತಪ್ಪಿದರೂ ನಡೆಯಬೇಕೆಂದರೆ ಮೂವರು. ಅಂಗಡಿ ಇರುವವರು, ಹಾಲು ಹಾಕುವವರು, ತಿಂಗಳ ಸಂಬಳದವರು ಸಮಕಂತಿನಲ್ಲೇ ಇರಲಿ. ಆ ತಿಂಗಳುಗಳಲ್ಲಿ ಉಳಿತಾಯವೆಲ್ಲ ಬ್ಯಾಂಕಿಗೇ ಹೋಗುವುದರಿಂದ ಹೊಸ ಸಾಲಕ್ಕೆ ಪೆಟ್ಟಿಗೆಯಲ್ಲಿ ದುಡ್ಡಿರುವುದಿಲ್ಲ. ಹಾಗಾಗಿ ಜೂನ್‌ನಲ್ಲಿ ಯಾರಿಗೆ ಎಷ್ಟು ಬೇಕಾಗುತ್ತದೆ ಅಂತ ಏಪ್ರಿಲ್ ಸಭೆಯಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.