ಬಂಡಲ್ ಯಾರ ಕೈಯಲ್ಲಿದೆ?

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಜಿಪ್ ಕೂಡಿಸುವ ಹೆಣ್ಣುಮಗಳೊಬ್ಬರು ಆಪ್ತಸಮಾಲೋಚನೆಗೆ ಬಂದಿದ್ದರು. ಅವರ ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ಕೂತವರೇ ಇಬ್ಬರ ಮೇಲೆ ದೂರು ಹೇಳಿದರು: ಪಕ್ಕದ ಮಷಿನ್‌ನವಳು, ಮತ್ತೆ ಮೇಸ್ತ್ರಿ. "ಇಬ್ರೂ ಕೂಡಿ ನನ್ನ ಬದುಕಾಕ ಬಿಡವಲ್ರು ಮೇಡಂ" ಅಂದರು.

ಪಕ್ಕದವಳ ಜೊತೆ ಜಗಳ ಜೋರಾಗಿಯೇ ಆಗಿತ್ತು. ಫ್ಯಾನ್ ಯಾರ ಕಡೆ ತಿರುಗಬೇಕು ಅನ್ನುವುದಕ್ಕೆ, ಇನ್ನೊಮ್ಮೆ ಕತ್ತರಿಗೆ. ನೀವೇನು ಮಾಡಿದಿರಿ ಎಂದು ಕೇಳಿದೆ. "ನಾನೂ ಬಿಡ್ಲಿಲ್ರಿ, ಎರಡು ಮಾತು ಜಾಸ್ತೀನೇ ಅಂದೆ." ಮೂರನೇ ದಿನಕ್ಕೆ ಇಬ್ಬರೂ ಬುತ್ತಿ ಬಿಚ್ಚಿ ಒಟ್ಟಿಗೆ ಉಂಡಿದ್ದರು. ತಿರುಗಿ ಮಾತಾಡುವ ಧೈರ್ಯ ಎರಡೂ ಕಡೆ ಇರುವಾಗ, ಅದು ಎಷ್ಟೇ ಜೋರಾದರೂ ಜಗಳವೇ. ಅದನ್ನು ಕಿರುಕುಳ ಅನ್ನಲಾಗದು.

ಮೇಸ್ತ್ರಿ ಮಾತ್ರ ದನಿ ಏರಿಸುವವನೇ ಅಲ್ಲ. ಆದರೆ ಕತ್ತರಿಸಿದ ಬಟ್ಟೆಯ ಬಂಡಲ್ ಹಂಚುವವನು ಅವನು. ಪೀಸ್ ಲೆಕ್ಕದ ಕೂಲಿಯಲ್ಲಿ ಬಂಡಲ್ ತಡವಾಗಿ ಬಂದರೆ ಅಷ್ಟು ಹೊತ್ತಿನ ದುಡಿಮೆ ಹೋದಂತೆ. ಅವನ ಹುದ್ದೆ ಏನೆಂಬುದಕ್ಕಿಂತ ನನಗೆ ಮುಖ್ಯವಾದದ್ದು ಇದು: ಇವರ ವಾರದ ಬಟವಾಡೆ ಅವನ ಕೈಯಲ್ಲಿದೆ, ಅವನದು ಇವರ ಕೈಯಲ್ಲಿಲ್ಲ. ಬಲದ ಅಂತರ ಎಂದರೆ ಇಷ್ಟೇ. ಒಂದೇ ದರ್ಜೆಯ ನಾಲ್ವರು ಸೇರಿ ಒಬ್ಬರನ್ನು ಮಾತಿನಿಂದ ಹೊರಗಿಟ್ಟರೂ ಅದೇ ಅಂತರ ಹುಟ್ಟುತ್ತದೆ.

ನಾಲ್ಕು ವಾರ ಮಗಳ ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿದೆ. ದಿನ, ಹೊತ್ತು, ಏನಾಯಿತು, ಯಾರಿದ್ದರು. ಜೊತೆಗೆ ಇನ್ನೊಂದು ಸಾಲು: ಅದೇ ತಪ್ಪು ಬೇರೆಯವರು ಮಾಡಿದಾಗ ಏನಾಯಿತು? ಈ ಕೊನೆಯ ಸಾಲನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ.

ಹತ್ತೊಂಬತ್ತು ಘಟನೆ ಬರೆದು ತಂದರು. ಇಬ್ಬರೂ ಕೂತು ಆರನ್ನು ಹೊಡೆದು ಹಾಕಿದೆವು. ಕರೆಂಟ್ ಹೋಗಿ ಆರ್ಡರ್ ತಡವಾದ ವಾರ ಮೇಸ್ತ್ರಿ ಎಲ್ಲರ ಮೇಲೂ ರೇಗಿದ್ದ; ಅದು ಕೆಲಸದ ಒತ್ತಡ. ಉಳಿದ ಹದಿಮೂರರಲ್ಲಿ ಒಂಬತ್ತು ಸಲ ಇವರ ಬಂಡಲ್ ಕೊನೆಗೆ ಬಂದಿತ್ತು. ನಾಲ್ಕು ಸಲ ಇವರು ಹೊಲಿದ ಸೊಟ್ಟ ಜಿಪ್ಪಿನ ಪ್ಯಾಂಟನ್ನು ಎಲ್ಲರೂ ಓಡಾಡುವ ಬಾಗಿಲಿಗೆ ನೇತುಹಾಕಿದ್ದ. ಅದೇ ತಪ್ಪು ಮಾಡಿದ ಇನ್ನಿಬ್ಬರಿಗೆ ಪೀಸ್ ಮರಳಿ ಕೊಟ್ಟು "ಬಿಚ್ಚಿ ಹೊಲಿ" ಎಂದಷ್ಟೇ ಹೇಳಿದ್ದ.

ಕಿರುಕುಳವನ್ನು ಜಗಳದಿಂದ ಬೇರ್ಪಡಿಸಲು ನಾನು ನೋಡುವ ಮರುಕಳಿಕೆ, ಉದ್ದೇಶ, ಬಲದ ಅಂತರ ಎಂಬ ಮೂರು ಗುರುತುಗಳು ಶಾಲಾಮಕ್ಕಳ ನಡುವಿನ ಕಿರುಕುಳವನ್ನು 1970ರ ದಶಕದಿಂದ ಅಧ್ಯಯನ ಮಾಡಿದ ಡಾನ್ ಓಲ್ವೇಯಸ್ ಅವರಿಂದ ಬಂದವು. ಕೆಲಸದ ಜಾಗದ ಬಗ್ಗೆ ಸ್ವೀಡನ್ನಿನ ಹೈನ್ಸ್ ಲೇಮನ್ ವಾರಕ್ಕೊಮ್ಮೆಯಾದರೂ ನಡೆದು, ಆರು ತಿಂಗಳಾದರೂ ಮುಂದುವರಿದರೆ ಕಿರುಕುಳ ಎಂಬ ಅಳತೆ ಇಟ್ಟರು. ಅದು ಸಂಶೋಧಕರು ಎಣಿಸಲು ಇಟ್ಟ ಗೆರೆ. ಆರು ತಿಂಗಳು ತಡೆದುಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಮೂರರಲ್ಲಿ ಕಷ್ಟದ್ದು ಉದ್ದೇಶ. ಯಾರ ಮನಸ್ಸಿನೊಳಗೂ ಇಣುಕಲಾಗದು; ಕೇಳಿದರೆ "ಕೆಲಸ ಕಲೀಲಿ ಅಂತ ಮಾಡಿದೆ" ಅನ್ನುತ್ತಾರೆ. ಹಾಗಾಗಿ ನಾನು ಎರಡನ್ನು ನೋಡುತ್ತೇನೆ. ಒಂದು, ಅದೇ ತಪ್ಪಿಗೆ ಬೇರೆಯವರಿಗೆ ಬೇರೆ ನಡೆ ಇದೆಯೇ. ಎರಡು, ನೋವಾಗುತ್ತಿದೆ ಎಂದು ತಿಳಿಸಿದ ಮೇಲೆ ಅದು ನಿಂತಿತೇ. ಗೊತ್ತಿಲ್ಲದೆ ಮಾಡಿದವರು ಬಹುಪಾಲು ಮುಜುಗರಪಟ್ಟು ತಿದ್ದಿಕೊಳ್ಳುತ್ತಾರೆ. ಇವರು ಮೂರನೇ ವಾರ ಮೇಸ್ತ್ರಿಗೆ ಹೇಳಿದರು: "ಅಣ್ಣಾ, ತಪ್ಪಿದ್ರ ನನಗ ಹೇಳ್ರಿ, ಬಾಗಿಲಿಗೆ ಹಾಕಬ್ಯಾಡ್ರಿ." ಮರುದಿನ ಎರಡು ಪ್ಯಾಂಟು ನೇತಾಡಿದವು. ಅಲ್ಲಿಗೆ ನನಗಿದ್ದ ಅನುಮಾನ ಹೋಯಿತು.

ಮರುಕಳಿಕೆಗೆ ಕಾಯಬಾರದ ಸಂದರ್ಭವೂ ಇದೆ. ಲೈಂಗಿಕ ಮಾತು, ಮೈ ಮುಟ್ಟುವುದು, ಜಾತಿ ಹಿಡಿದು ಬೈಯುವುದು, ಹೊಡೆತ ಇವು ಒಂದೇ ಸಲ ನಡೆದರೂ ದೂರು ಕೊಡಬಹುದು. 2013ರ ಕಾಯ್ದೆಯಡಿ ಲೈಂಗಿಕ ಕಿರುಕುಳದ ದೂರಿಗೆ ಸಾಮಾನ್ಯವಾಗಿ ಮೂರು ತಿಂಗಳ ಅವಧಿ ಇದೆ. ಹತ್ತಕ್ಕಿಂತ ಕಡಿಮೆ ಜನರಿರುವ ಘಟಕದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಬಾಗಿಲಿಗೆ ಪ್ಯಾಂಟು ನೇತುಹಾಕುವಂಥ ಕಿರುಕುಳಕ್ಕೆ ಮಾತ್ರ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಅದಕ್ಕೇ ಆ ನೋಟ್‌ಬುಕ್ಕಿಗೆ ಅಷ್ಟು ಬೆಲೆ.

ಅವರು ಮಾಲೀಕರ ಹತ್ತಿರ ಹೋದಾಗ "ಮೇಸ್ತ್ರಿ ಕೆಟ್ಟವನು" ಅನ್ನಲಿಲ್ಲ. ಪಕ್ಕದ ಮಷಿನ್‌ನವಳನ್ನೇ ಸಾಕ್ಷಿಗೆ ಕರೆದುಕೊಂಡು ಹೋಗಿ ಒಂಬತ್ತು ತಾರೀಖು ಓದಿದರು. ಬಂಡಲ್ ಈಗ ಮಷಿನ್ ನಂಬರಿನ ಸರದಿಯಂತೆ ಗುಮಾಸ್ತರು ಹಂಚುತ್ತಾರೆ. ಮೇಸ್ತ್ರಿ ಇವರ ಜೊತೆ ಮಾತು ಬಿಟ್ಟಿದ್ದಾನೆ. ನೋಟ್‌ಬುಕ್ ಇನ್ನೂ ಅವರ ಬುತ್ತಿಚೀಲದಲ್ಲೇ ಇದೆ.