ನವೀಕರಣದ ಷರತ್ತು: ಒಂದೇ ವಾಕ್ಯವನ್ನು ಬಿಡಿಸಿ ಬರೆಯುವ ಬಗೆ

ಕಲಬುರಗಿಯ ಒಂದು ಖಾಸಗಿ ಟ್ರಸ್ಟ್ ಪದವಿ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ ಎಂದುಕೊಳ್ಳಿ. ಮಂಜೂರಾತಿ ಪತ್ರದ ಕೊನೆಯಲ್ಲಿ ಹೀಗಿದೆ (ಅಭ್ಯಾಸಕ್ಕೆಂದು ಕಟ್ಟಿದ ಮಾದರಿ, ಆದರೆ ಇಂಥವು ಊರೂರಿಗೂ ಸಿಗುತ್ತವೆ):

"ವಿದ್ಯಾರ್ಥಿಯು ತೃಪ್ತಿಕರ ಪ್ರಗತಿ ಸಾಧಿಸಿ, ಶೇ. 60ಕ್ಕಿಂತ ಮೇಲ್ಪಟ್ಟು ಅಂಕ ಗಳಿಸಿದಲ್ಲಿ ಹಾಗೂ ಸೆಪ್ಟೆಂಬರ್ ಮಧ್ಯಭಾಗದೊಳಗೆ ಅಂಕಪಟ್ಟಿ ಸಲ್ಲಿಸಿದಲ್ಲಿ ವೇತನವನ್ನು ನವೀಕರಿಸಬಹುದು."

ಓದಲು ಸಲೀಸಾಗಿದೆ. ತಕರಾರು ಬರುವುದು ಹಣ ನಿಂತ ಮೇಲೆ. ಈ ವಾಕ್ಯ ಸರಿಯಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ: ಒಬ್ಬ ವಿದ್ಯಾರ್ಥಿಯ ಅಂಕಪಟ್ಟಿಯನ್ನು ಕಚೇರಿಯ ಗುಮಾಸ್ತರಿಗೂ ವಿದ್ಯಾರ್ಥಿಗೂ ಬೇರೆಬೇರೆಯಾಗಿ ಕೊಟ್ಟು, "ನವೀಕರಣ ಆಗುತ್ತದೋ ಇಲ್ಲವೋ?" ಎಂದು ಕೇಳಬೇಕು. ಇಬ್ಬರ ಉತ್ತರ ಬೇರೆಯಾದರೆ ತಪ್ಪು ಪತ್ರದ್ದು.

ಮೊದಲು ಅಂಕದ ಮಾತು. ಒಬ್ಬಳು ವಿದ್ಯಾರ್ಥಿನಿಗೆ ಮೊದಲ ಸೆಮಿಸ್ಟರ್‌ನಲ್ಲಿ 20 ಕ್ರೆಡಿಟ್‌ಗೆ ಎಸ್‌ಜಿಪಿಎ 7.2, ಎರಡನೆಯದರಲ್ಲಿ 22 ಕ್ರೆಡಿಟ್‌ಗೆ 5.4 ಬಂದಿದೆ. ಎರಡೂ ಸೆಮಿಸ್ಟರ್ ಸೇರಿದ ಸರಾಸರಿ, ಅಂದರೆ ಸಿಜಿಪಿಎ, ಲೆಕ್ಕ ಹಾಕಿದರೆ 20 × 7.2 = 144, 22 × 5.4 = 118.8, ಒಟ್ಟು 262.8, ಅದನ್ನು 42ರಿಂದ ಭಾಗಿಸಿದರೆ 6.26. ಶೇ. 60 ಎಂದರೆ 6.0 ಎಂದು ಸದ್ಯಕ್ಕೆ ಇಟ್ಟುಕೊಳ್ಳೋಣ. ಸಿಜಿಪಿಎ ಹಿಡಿದರೆ ಆಕೆ 6.0 ದಾಟಿದ್ದಾಳೆ. ಪ್ರತಿ ಸೆಮಿಸ್ಟರ್‌ನಲ್ಲೂ 6.0 ಬೇಕೆಂದರೆ ಎರಡನೆಯದರಲ್ಲಿ ಬಿದ್ದಿದ್ದಾಳೆ. ಪತ್ರದಲ್ಲಿ ಎರಡಕ್ಕೂ ಜಾಗವಿದೆ, ಹಾಗಾಗಿ ಪತ್ರ ಯಾವುದನ್ನೂ ಹೇಳಿಲ್ಲ.

ಇನ್ನೂ ಒಂದು ತೊಡಕು ಆ "ಶೇ. 60". ಅಂಕಪಟ್ಟಿಯಲ್ಲಿ ಗ್ರೇಡ್ ಪಾಯಿಂಟ್ ಅಚ್ಚಾಗಿದ್ದು ಷರತ್ತು ಶೇಕಡಾವಾರಿನಲ್ಲಿದ್ದರೆ, ಒಂದರಿಂದ ಇನ್ನೊಂದಕ್ಕೆ ಬದಲಿಸುವ ಸೂತ್ರ ಎಲ್ಲ ವಿಶ್ವವಿದ್ಯಾಲಯಕ್ಕೂ ಒಂದೇ ಅಲ್ಲ. ಒಂದು ಕಡೆ 10ರಿಂದ ಗುಣಿಸುತ್ತಾರೆ, ಇನ್ನೊಂದು ಕಡೆ ಮೊದಲು 0.75 ಕಳೆಯುತ್ತಾರೆ. 6.26 ಮೊದಲ ಸೂತ್ರದಲ್ಲಿ 62.6 ಆಗುತ್ತದೆ, ಎರಡನೆಯದರಲ್ಲಿ 55.1. ಆದ್ದರಿಂದ ಸೂತ್ರವೇ ಬೇಡ: ಅಂಕಪಟ್ಟಿಯಲ್ಲಿ ಅಚ್ಚಾದ ಸಂಖ್ಯೆಯನ್ನೇ ಷರತ್ತಿಗೆ ಹಿಡಿಯಿರಿ. "60ಕ್ಕಿಂತ ಮೇಲ್ಪಟ್ಟು" ಎಂದರೆ ಸರಿಯಾಗಿ 60 ಬಂದವರ ಗತಿ ಏನು ಎಂಬುದೂ ಗುಮಾನಿ. "6.0 ಅಥವಾ ಅದಕ್ಕಿಂತ ಹೆಚ್ಚು" ಎಂದರೆ ಆ ಜಗಳ ಮುಗಿಯಿತು.

"ತೃಪ್ತಿಕರ ಪ್ರಗತಿ"ಯನ್ನು ತಿದ್ದಲು ಕೂರಬೇಡಿ, ತೆಗೆದುಬಿಡಿ. ಅದರ ಹಿಂದೆ ಬೇರೆ ಅರ್ಥವಿದ್ದರೆ, ಬಾಕಿ ವಿಷಯ ಇರಬಾರದು ಎಂದೋ ಹಾಜರಾತಿ ಶೇ. 75 ಇರಬೇಕು ಎಂದೋ, ಅದನ್ನೇ ಬರೆಯಬೇಕು. ಆದರೆ ಯಾವ ಅರ್ಥವೆಂದು ನಿರ್ಧರಿಸುವವರು ಟ್ರಸ್ಟಿನ ಸಮಿತಿಯವರು, ಪತ್ರ ತಿದ್ದುವ ನಾವಲ್ಲ. ಹೊಸಬರು ಇಲ್ಲಿಯೇ ಎಡವುತ್ತಾರೆ: ಭಾಷೆ ಸರಿಮಾಡುವ ಭರದಲ್ಲಿ ಷರತ್ತನ್ನೇ ಬದಲಿಸಿಬಿಡುತ್ತಾರೆ. ಸಮಿತಿಗೆ ಮೇಲಿನ 7.2 ಮತ್ತು 5.4ರ ಉದಾಹರಣೆಯನ್ನೇ ಇಟ್ಟು, "ಈಕೆಗೆ ಹಣ ಕೊಡ್ತೀರೋ ಇಲ್ಲೋ?" ಎಂದು ಕೇಳಿ. ಉತ್ತರ ಥಟ್ಟನೆ ಸಿಗುತ್ತದೆ.

ಈಗ ದಿನಾಂಕ. ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೇ.

"ಸೆಪ್ಟೆಂಬರ್ ಮಧ್ಯಭಾಗ" ನಮ್ಮ ಭಾಗಕ್ಕೆ ತೀರಾ ಕೆಟ್ಟ ಆಯ್ಕೆ. 2026ರಲ್ಲಿ ಗಣೇಶ ಚತುರ್ಥಿ ಸೆಪ್ಟೆಂಬರ್ 14, ಸೋಮವಾರ. 17 ಕಲ್ಯಾಣ ಕರ್ನಾಟಕ ಉತ್ಸವ ದಿನ; 1948ರಲ್ಲಿ ಹೈದರಾಬಾದ್ ಸಂಸ್ಥಾನದ ಆಳ್ವಿಕೆ ಕೊನೆಗೊಂಡ ನೆನಪಿಗೆ ಕಲಬುರಗಿ, ಬೀದರ್, ಯಾದಗಿರಿಯಲ್ಲೆಲ್ಲ ಅಂದು ಧ್ವಜಾರೋಹಣ. ಆ ವಾರದಲ್ಲಿ ಕಾಲೇಜಿನ ಮುದ್ರೆ, ಪ್ರಾಂಶುಪಾಲರ ಸಹಿ ಸಿಗುವುದು ಕಷ್ಟ. ಸೆಪ್ಟೆಂಬರ್ 30, ಬುಧವಾರ ಎಂದಿಟ್ಟರೆ ಹಬ್ಬ ಕಳೆದು ಸಾಕಷ್ಟು ದಿನ ಉಳಿಯುತ್ತವೆ. ದಿನಾಂಕದ ಜೊತೆ ವಾರವನ್ನೂ ಬರೆಯಿರಿ. ಎರಡೂ ಹೊಂದದಿದ್ದರೆ ಬೆರಳಚ್ಚಿನ ತಪ್ಪು ಪತ್ರ ಕಳಿಸುವ ಮೊದಲೇ ಕಣ್ಣಿಗೆ ಬೀಳುತ್ತದೆ.

"ಒಳಗೆ" ಎಂಬ ಮಾತೂ ಸಂಶಯದ್ದೇ. 30ರೊಳಗೆ ಎಂದರೆ 30 ಸೇರಿತೋ, 29ಕ್ಕೇ ಮುಗಿಯಿತೋ? "30ರ ಸಂಜೆ 5 ಗಂಟೆಯವರೆಗೆ" ಎನ್ನಿ. ಸುರಪುರದಿಂದ ಅಂಚೆಯಲ್ಲಿ ಬರುವ ಲಕೋಟೆಗೆ ಹಾಕಿದ ದಿನ ಲೆಕ್ಕವೋ ತಲುಪಿದ ದಿನವೋ, ಅದನ್ನೂ ಹೇಳಬೇಕು.

ಇಷ್ಟಾದರೂ ಒಂದು ಗಂಟು ಉಳಿಯುತ್ತದೆ. ವಿಶ್ವವಿದ್ಯಾಲಯದ ಫಲಿತಾಂಶ 30ರವರೆಗೂ ಬರದಿದ್ದರೆ? "ರಿಸಲ್ಟೇ ಬಂದಿಲ್ರಿ, ಮಾರ್ಕ್ಸ್ ಕಾರ್ಡ್ ಎಲ್ಲಿಂದ ತರ್ಲಿ?" ಎಂಬ ಪ್ರಶ್ನೆಗೆ ಹಳೆಯ ಪತ್ರದಲ್ಲಿ ಉತ್ತರವೇ ಇಲ್ಲ. ವಿದ್ಯಾರ್ಥಿಯ ಕೈಯಲ್ಲಿಲ್ಲದ ಕೆಲಸಕ್ಕೆ ಖಡಾಖಂಡಿತ ದಿನಾಂಕ ಇಟ್ಟರೆ ಷರತ್ತು ಪಾಲಿಸುವುದೇ ಅಸಾಧ್ಯವಾಗುತ್ತದೆ. ಪರಿಹಾರ: ಸೆಪ್ಟೆಂಬರ್ 30 ಅಥವಾ ಫಲಿತಾಂಶದ ನಂತರ 15 ದಿನ, ಇವೆರಡರಲ್ಲಿ ಯಾವುದು ತಡವೋ ಅದು.

ಎಣಿಸಿ ನೋಡೋಣ. ಫಲಿತಾಂಶ ಸೆಪ್ಟೆಂಬರ್ 10ಕ್ಕೆ ಬಂದರೆ 15ನೇ ದಿನ 25. ತಡವಾದದ್ದು 30, ಹಾಗಾಗಿ 30ರವರೆಗೆ ಸಮಯವಿದೆ. 22ಕ್ಕೆ ಬಂದರೆ 23 ಮೊದಲ ದಿನ, ಅಕ್ಟೋಬರ್ 7 ಹದಿನೈದನೆಯದು. 22ನ್ನೂ ಸೇರಿಸಿ ಎಣಿಸಿದವರಿಗೆ ಅಕ್ಟೋಬರ್ 6 ಬರುತ್ತದೆ. ಈ ಒಂದು ದಿನಕ್ಕೇ ಅರ್ಜಿಗಳು ತಿರಸ್ಕಾರವಾಗುವುದು. 1897ರ ಜನರಲ್ ಕ್ಲಾಸಸ್ ಕಾಯ್ದೆಯ 9ನೇ ಕಲಮಿನಲ್ಲಿ ಮೊದಲ ದಿನ ಬಿಡುವ ನಿಯಮವಿದೆ, ಆದರೆ ಅದು ಕಾನೂನುಗಳನ್ನು ಓದಲು ಇರುವುದು. ಟ್ರಸ್ಟಿನ ಪತ್ರಕ್ಕೆ ತಾನಾಗಿ ಬಂದು ಅಂಟಿಕೊಳ್ಳುವುದಿಲ್ಲ. ಪತ್ರದಲ್ಲೇ ಬರೆಯಬೇಕು.

ಕೆಲವರು "ಯಾವ ಕಾರಣಕ್ಕೂ ಡಿಸೆಂಬರ್ 31 ಮೀರುವಂತಿಲ್ಲ" ಎಂದು ಕೊನೆಗೆ ಸೇರಿಸುತ್ತಾರೆ. ಫಲಿತಾಂಶ ಡಿಸೆಂಬರ್ 20ಕ್ಕೆ ಬಂದರೆ 15ನೇ ದಿನ ಜನವರಿ 4. ಈಗ ಎರಡು ವಾಕ್ಯ ಒಂದಕ್ಕೊಂದು ಎದುರಾದವು. ಮಿತಿಯನ್ನು ಸಲ್ಲಿಕೆಗಲ್ಲ, ಫಲಿತಾಂಶಕ್ಕೆ ಕಟ್ಟಿದರೆ ಇದು ತಪ್ಪುತ್ತದೆ.

ಕಡೆಯದಾಗಿ "ನವೀಕರಿಸಬಹುದು". ಷರತ್ತೆಲ್ಲ ಪೂರೈಸಿದರೂ ಕೊಡದೆ ಇರುವ ಹಕ್ಕು ಟ್ರಸ್ಟಿಗೆ ಬೇಕೇ? ಬೇಕಿದ್ದರೆ ಯಾವ ಕಾರಣಕ್ಕೆ ಎಂದು ಹೇಳಲಿ. ಬೇಡವಾದರೆ "ನವೀಕರಿಸಲಾಗುವುದು".

ಸಮಿತಿ ಸಿಜಿಪಿಎಯನ್ನೇ ಒಪ್ಪಿತು, ಬಾಕಿ ವಿಷಯ ಇರಬಾರದೆಂದಿತು ಎಂದುಕೊಂಡು ತಿದ್ದಿದ ರೂಪ:

"ಕೆಳಗಿನ ಮೂರೂ ಷರತ್ತು ಪೂರೈಸಿದರೆ 2026-27ನೇ ಶೈಕ್ಷಣಿಕ ವರ್ಷಕ್ಕೆ ವೇತನ ನವೀಕರಿಸಲಾಗುವುದು.

1. ಎರಡನೇ ಸೆಮಿಸ್ಟರ್ ಅಂಕಪಟ್ಟಿಯಲ್ಲಿ ಅಚ್ಚಾದ ಸಿಜಿಪಿಎ 6.0 ಅಥವಾ ಹೆಚ್ಚು ಇರಬೇಕು.
2. ಆ ಅಂಕಪಟ್ಟಿಯ ದಿನಾಂಕದಂದು ಯಾವ ವಿಷಯವೂ ಬಾಕಿ ಇರಬಾರದು.
3. ಅಂಕಪಟ್ಟಿಯ ಪ್ರತಿ ನಮ್ಮ ಕಚೇರಿಗೆ 30 ಸೆಪ್ಟೆಂಬರ್ 2026, ಬುಧವಾರ ಸಂಜೆ 5 ಗಂಟೆಯವರೆಗೆ ತಲುಪಬೇಕು. ಅಥವಾ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಫಲಿತಾಂಶ ಪ್ರಕಟವಾದ ಮರುದಿನವನ್ನು ಒಂದನೇ ದಿನವೆಂದು ಎಣಿಸಿ 15ನೇ ದಿನ ಸಂಜೆ 5 ಗಂಟೆಯವರೆಗೆ. ಇವೆರಡರಲ್ಲಿ ತಡವಾದದ್ದೇ ಕೊನೆಯ ದಿನ. ಅಂದು ಕಚೇರಿಗೆ ರಜೆಯಿದ್ದರೆ ಮುಂದಿನ ಕೆಲಸದ ದಿನ.

31 ಡಿಸೆಂಬರ್ 2026ರವರೆಗೂ ಫಲಿತಾಂಶ ಪ್ರಕಟವಾಗದಿದ್ದರೆ ಹಣ ತಡೆಹಿಡಿಯಲಾಗುವುದು, ರದ್ದಾಗುವುದಿಲ್ಲ. ಫಲಿತಾಂಶ ಬಂದ ಮೇಲೆ ಮೇಲಿನ 15 ದಿನವೇ ಅನ್ವಯ."

ಮರುಮೌಲ್ಯಮಾಪನದಲ್ಲಿ ಅಂಕ ಏರಿದವರ ಬಗ್ಗೆ ಇಲ್ಲಿ ಮಾತಿಲ್ಲ. 5.9 ಇದ್ದದ್ದು ನವೆಂಬರ್‌ನಲ್ಲಿ 6.1 ಆದರೆ ಯಾವ ಅಂಕಪಟ್ಟಿ ಹಿಡಿಯಬೇಕು? ಅದಕ್ಕೆ ನಾಲ್ಕನೇ ಸಾಲು ಬೇಕು, ಬರೆಯುವ ಮೊದಲು ಮತ್ತೆ ಸಮಿತಿಯನ್ನು ಕೇಳಬೇಕು.