ಉಚಿತ ಟ್ರಯಲ್ ಅನ್ನು ಮೊದಲ ದಿನವೇ ರದ್ದು ಮಾಡಿದರೆ ಉಳಿದ ದಿನಗಳು ಸಿಗುತ್ತವೆಯೇ?

ಪ್ರಶ್ನೆ: ಒಂದು ಆ್ಯಪ್‌ನಲ್ಲಿ ಏಳು ದಿನಗಳ ಉಚಿತ ಟ್ರಯಲ್ ಶುರು ಮಾಡಿದ್ದೇನೆ. ಕಾರ್ಡ್ ವಿವರವನ್ನೂ ಕೊಟ್ಟಿದ್ದೇನೆ. ಮರೆತು ಹಣ ಕಡಿತವಾಗುವುದು ಬೇಡವೆಂದು ಇಂದೇ ರದ್ದು ಮಾಡಬಹುದೇ? ಹಾಗೆ ಮಾಡಿದರೆ ಉಳಿದ ಆರು ದಿನ ಬಳಸಲು ಬಿಡುತ್ತಾರೆಯೇ?

ಉತ್ತರ: ರದ್ದು ಮಾಡುವುದಕ್ಕೆ ಅಡ್ಡಿಯಿಲ್ಲ. ಬಹುತೇಕ ಸೇವೆಗಳು ಉಳಿದ ದಿನಗಳನ್ನೂ ಬಳಸಲು ಬಿಡುತ್ತವೆ. ಆದರೆ ಎಲ್ಲವೂ ಅಲ್ಲ, ಆದ್ದರಿಂದ ಕೊನೆಯ ಗುಂಡಿ ಒತ್ತುವ ಮುನ್ನ ಪರದೆಯ ಮೇಲಿರುವ ಒಂದು ಸಾಲನ್ನು ಓದಲೇಬೇಕು.

ಸೇವೆಯ ಕಂಪ್ಯೂಟರ್‌ನಲ್ಲಿ ನಿಮ್ಮ ಚಂದಾದ ಬಗ್ಗೆ ಮುಖ್ಯವಾಗಿ ಎರಡು ಸಂಗತಿಗಳು ದಾಖಲಾಗಿರುತ್ತವೆ. ನಿಮಗಿರುವ ಪ್ರವೇಶ ಯಾವ ದಿನ, ಯಾವ ಗಂಟೆಗೆ ಮುಗಿಯುತ್ತದೆ ಎಂಬುದು ಒಂದು. ಆ ಹೊತ್ತು ಬಂದಾಗ ತಾನಾಗಿ ನವೀಕರಿಸಿ ಹಣ ಕಡಿತ ಮಾಡಬೇಕೇ ಬೇಡವೇ ಎಂಬುದು ಇನ್ನೊಂದು. ಸಾಮಾನ್ಯವಾಗಿ ರದ್ದು ಮಾಡಿದಾಗ ಬದಲಾಗುವುದು ಎರಡನೆಯದು ಮಾತ್ರ. ಮುಗಿಯುವ ದಿನಾಂಕ ಇದ್ದಲ್ಲೇ ಇರುತ್ತದೆ, ಹಾಗಾಗಿ ಆ್ಯಪ್ ಅಲ್ಲಿಯವರೆಗೆ ತೆರೆದೇ ಇರುತ್ತದೆ. ಗೂಗಲ್ ಪ್ಲೇ ಮತ್ತು ಆ್ಯಪ್ ಸ್ಟೋರ್ ಮೂಲಕ ಶುರು ಮಾಡಿದ ಹೆಚ್ಚಿನ ಆ್ಯಪ್‌ಗಳ ಟ್ರಯಲ್ ನಡೆಯುವುದು ಹೀಗೆಯೇ.

ಕೆಲವು ಸೇವೆಗಳು ಮಾತ್ರ ರದ್ದು ಮಾಡಿದ ಕೂಡಲೇ ಮುಗಿಯುವ ದಿನಾಂಕವನ್ನೂ ಆ ಕ್ಷಣಕ್ಕೆ ಎಳೆದುಬಿಡುತ್ತವೆ. ಆಪಲ್ ಕಂಪನಿಯ ಸ್ವಂತ ಸೇವೆಗಳು ಇದಕ್ಕೆ ಉದಾಹರಣೆ. ಆಪಲ್ ಮ್ಯೂಸಿಕ್ ಅಥವಾ ಆಪಲ್ ಟಿವಿಯ ಉಚಿತ ಟ್ರಯಲ್ ರದ್ದು ಮಾಡಿದರೆ ಸಾಮಾನ್ಯವಾಗಿ ಅಲ್ಲಿಗೇ ಬಾಗಿಲು ಮುಚ್ಚುತ್ತದೆ. ಹಣ ಕೊಟ್ಟ ತಿಂಗಳಾದರೆ ಅದರ ಕೊನೆಯವರೆಗೆ ಬಳಸಬಹುದು. ಟ್ರಯಲ್‌ಗೆ ಹಣವನ್ನೇ ಪಡೆದಿಲ್ಲವಾದ್ದರಿಂದ ಕೊಡಬೇಕಾದ ಬಾಕಿ ಏನೂ ಇಲ್ಲ ಎಂಬುದು ಈ ಕ್ರಮದ ಹಿಂದಿನ ತರ್ಕ. ನನಗೆ ಇದು ಸರಿಯೆನಿಸುವುದಿಲ್ಲ. ಏಳು ದಿನ ಎಂದು ಹೇಳಿ ಕರೆದ ಮೇಲೆ ಏಳು ದಿನ ಕೊಡಬೇಕು; ಎಚ್ಚರಿಕೆಯಿಂದ ಇರುವವರಿಗೇ ದಿನ ಕಡಿತವಾಗಬಾರದು.

ನಿಮ್ಮದು ಯಾವ ಬಗೆಯದೆಂದು ತಿಳಿಯಲು ರದ್ದು ಮಾಡುವ ಪುಟದವರೆಗೆ ಹೋಗಿ ನಿಲ್ಲಿ. ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್ ತೆರೆದು, ನಿಮ್ಮ ಚಿತ್ರವನ್ನು ಮುಟ್ಟಿ, Payments & subscriptions ಒಳಗಿನ Subscriptions ನೋಡಿ. ಐಫೋನ್‌ನಲ್ಲಿ Settings ತೆರೆದು ನಿಮ್ಮ ಹೆಸರನ್ನು ಮುಟ್ಟಿದರೆ Subscriptions ಸಿಗುತ್ತದೆ. ರದ್ದನ್ನು ಖಚಿತಪಡಿಸಿ ಎಂದು ಕೇಳುವ ಪರದೆಯಲ್ಲಿ, ಇಂಥ ದಿನಾಂಕದವರೆಗೆ ಬಳಸಬಹುದು ಎಂದಿದ್ದರೆ ನಿಶ್ಚಿಂತೆಯಿಂದ ಮುಂದುವರಿಯಿರಿ. ಕೂಡಲೇ ಪ್ರವೇಶ ಕಳೆದುಕೊಳ್ಳುತ್ತೀರಿ ಎಂದಿದ್ದರೆ ಹಿಂದಕ್ಕೆ ಬನ್ನಿ. ಈ ಪುಟ ನೋಡಿದ ಮಾತ್ರಕ್ಕೆ ಏನೂ ರದ್ದಾಗುವುದಿಲ್ಲ. ಆದರೆ ಒಮ್ಮೆ ಕಳೆದುಕೊಂಡ ಟ್ರಯಲ್ ಅನ್ನು ಅದೇ ಖಾತೆಗೆ ಮತ್ತೆ ಕೊಡುವುದು ಅಪರೂಪ.

ಕೂಡಲೇ ಮುಚ್ಚುವ ಸೇವೆಯಾದರೆ ಫೋನಿನಲ್ಲಿ ನೆನಪಿನ ಗಂಟೆ ಇಡುವುದೊಂದೇ ದಾರಿ. ಇಲ್ಲಿ ಬಹಳ ಮಂದಿ ಒಂದು ದಿನದಿಂದ ತಪ್ಪುತ್ತಾರೆ. ಸೋಮವಾರ ಬೆಳಿಗ್ಗೆ 10 ಗಂಟೆಗೆ ಏಳು ದಿನಗಳ ಟ್ರಯಲ್ ಶುರು ಮಾಡಿದಿರಿ ಎನ್ನಿ. ಅದು ಮುಗಿಯುವುದು ಮುಂದಿನ ಸೋಮವಾರ ಬೆಳಿಗ್ಗೆ 10ಕ್ಕೆ, ಆ ದಿನದ ಮಧ್ಯರಾತ್ರಿಗಲ್ಲ. ಟ್ರಯಲ್ ಮುಗಿಯುವುದಕ್ಕೆ ಕನಿಷ್ಠ 24 ಗಂಟೆ ಮೊದಲೇ ರದ್ದು ಮಾಡಿ ಎಂದು ಆಪಲ್ ಹೇಳುತ್ತದೆ. ಅಂದರೆ ನಿಮ್ಮ ಗಡುವು ಭಾನುವಾರ ಬೆಳಿಗ್ಗೆ 10 ಗಂಟೆ. ಗಂಟೆಯನ್ನು ಶನಿವಾರ ಸಂಜೆಗೆ ಇಟ್ಟರೆ ಒಂದು ರಾತ್ರಿಯ ಬಿಡುವಿರುತ್ತದೆ.

ರದ್ದು ಮಾಡಿದ ಬಳಿಕ ಅದೇ ಚಂದಾ ಪುಟಕ್ಕೆ ಮರಳಿ ನೋಡಿ. ಮುಂದಿನ ನವೀಕರಣದ ದಿನಾಂಕ ಇದ್ದ ಜಾಗದಲ್ಲಿ ಈಗ ಮುಕ್ತಾಯದ ದಿನಾಂಕ ಕಾಣಬೇಕು. ಇನ್ನೂ ನವೀಕರಣ ಎಂದೇ ಇದ್ದರೆ ಕೆಲಸ ಮುಗಿದಿಲ್ಲ. ಹೋಗಬೇಡಿ ಎಂದು ರಿಯಾಯಿತಿ ತೋರಿಸುವ ನಡುವಿನ ಯಾವುದೋ ಪರದೆಯಲ್ಲಿ ನಿಂತುಬಿಟ್ಟಿರಬಹುದು. ದೃಢೀಕರಣದ ಇಮೇಲ್ ಬಂದರೆ ಅಳಿಸಬೇಡಿ. ಹಣ ಕಡಿತವಾಗಿ ತಕರಾರು ಬಂದಾಗ ಅದೇ ನಿಮ್ಮ ಆಧಾರ.

ಚಂದಾ ಪುಟದಲ್ಲಿ ಆ ಆ್ಯಪ್‌ನ ಹೆಸರೇ ಕಾಣದಿದ್ದರೆ ಟ್ರಯಲ್ ಇಲ್ಲವೆಂದು ಭಾವಿಸಬೇಡಿ. ನೀವು ಅದನ್ನು ಆ ಸೇವೆಯ ಜಾಲತಾಣದಲ್ಲಿ ಅಥವಾ ಬೇರೊಂದು ಇಮೇಲ್ ಖಾತೆಯಲ್ಲಿ ಶುರು ಮಾಡಿರಬಹುದು. ಕಾರ್ಡ್ ವಿವರವನ್ನು ಎಲ್ಲಿ ಕೊಟ್ಟಿರೋ ಅಲ್ಲಿಯೇ ರದ್ದು ಮಾಡಬೇಕು. ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ಚಂದಾ ರದ್ದಾಗುವುದಿಲ್ಲ, ಹಣದ ಕಡಿತವೂ ನಿಲ್ಲುವುದಿಲ್ಲ.